ಬಾಟ್ಲಿಯೊಳಗೆ ಎಷ್ಟು ಜೀವಾಣು ಬದುಕಿವೆ? ರೈಜೋಬಿಯಂ ಎಣಿಸುವ ಕ್ರಮ

ಮೇ ಕೊನೆಯ ವಾರದಿಂದ ಮಿರಗದ ಮಳೆ ಬೀಳುವವರೆಗೆ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ತೊಗರಿ ಬೀಜಕ್ಕೆ ಹಚ್ಚಲು ತಂದ ರೈಜೋಬಿಯಂ ಬಾಟ್ಲಿ ಅಂಗಡಿಯ ತಗಡಿನ ಶೆಡ್ಡಿನಲ್ಲಿ ಬೇಸಿಗೆ ಪೂರ್ತಿ ಕೂತಿರುತ್ತದೆ. "ಇದರಾಗಿನ ಜೀವಾಣು ಇನ್ನೂ ಅದಾವೋ, ಸತ್ತಾವೋ?" ಎಂದು ರೈತರು ಕೇಳುತ್ತಾರೆ. ವಿಜಯಪುರ, ಬಾಗಲಕೋಟೆ ಕಡೆಯ ಬಿ.ಎಸ್ಸಿ. ಹುಡುಗರು ಅದನ್ನೇ ಇನ್ನೊಂದು ರೀತಿ ಕೇಳುತ್ತಾರೆ: "ಸೂಕ್ಷ್ಮದರ್ಶಕದಾಗ ನೋಡಿದರ ಕೋಟಿಗಟ್ಟಲೆ ಬರ್ತಾವ, ಪ್ಲೇಟಿನ್ಯಾಗ ಹಾಕಿದರ ಕಡಿಮಿ ಬರ್ತಾವ. ಯಾವುದು ಖರೆ ರೀ?"

ಎರಡೂ ಖರೆ. ಸೂಕ್ಷ್ಮದರ್ಶಕ ಕಣ್ಣಿಗೆ ಬಿದ್ದ ಒಡಲುಗಳನ್ನೆಲ್ಲ ಎಣಿಸುತ್ತದೆ. ಸತ್ತ ಜೀವಾಣುವಿನ ಗೋಡೆ ಎಷ್ಟೋ ದಿನ ಹಾಗೇ ಉಳಿದಿರುವುದರಿಂದ ಸತ್ತದ್ದೂ ಬದುಕಿದ್ದೂ ಅಲ್ಲಿ ಒಂದೇ ತರಹ ಕಾಣುತ್ತವೆ. ಪ್ಲೇಟಿನಲ್ಲಿ ಹಾಗಲ್ಲ. ಅಲ್ಲಿ ಲೆಕ್ಕಕ್ಕೆ ಬರಬೇಕಾದರೆ ಜೀವಾಣು ಒಡೆದು ಎರಡಾಗಿ, ಎರಡು ನಾಲ್ಕಾಗಿ, ಕಣ್ಣಿಗೆ ಕಾಣುವಷ್ಟು ದೊಡ್ಡ ಗುಂಪಾಗಬೇಕು. ಆ ಗುಂಪಿಗೆ ಕಾಲೊನಿ ಎನ್ನುತ್ತಾರೆ. ಬೇರಿಗೆ ಗಂಟು ಕಟ್ಟುವುದು ಬದುಕಿದ ಜೀವಾಣುವೇ ಆದ್ದರಿಂದ ಸರಕಾರದ ರಸಗೊಬ್ಬರ ನಿಯಂತ್ರಣ ಆದೇಶವೂ ಕಾಲೊನಿಯ ಲೆಕ್ಕವನ್ನೇ ಕೇಳುತ್ತದೆ. ಅದರ ಪ್ರಕಾರ ದ್ರವರೂಪದ ರೈಜೋಬಿಯಂನಲ್ಲಿ ಪ್ರತಿ ಮಿಲಿಲೀಟರಿಗೆ ಕನಿಷ್ಠ 10 ಕೋಟಿ, ಪುಡಿಯಲ್ಲಿ ಪ್ರತಿ ಗ್ರಾಂಗೆ ಕನಿಷ್ಠ 5 ಕೋಟಿ ಇರಬೇಕು.

ಇಲ್ಲಿ ಎರಡು ಬಾಟ್ಲಿಗಳನ್ನು ಇಟ್ಟುಕೊಂಡು ಕೆಲಸ ಮಾಡೋಣ. ಎರಡೂ ಒಂದೇ ದಿನ ತಯಾರಾದ ದ್ರವರೂಪದ ರೈಜೋಬಿಯಂ. 'ಅ' ಬಾಟ್ಲಿ ತಂಪು ಕೋಣೆಯಲ್ಲಿತ್ತು, 'ಆ' ಬಾಟ್ಲಿ ತಗಡಿನ ಕೆಳಗೆ ಬೇಸಿಗೆ ಕಳೆದಿತ್ತು. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಣ್ಣ, ಒಂದೇ ವಾಸನೆ. ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ನಾನೇ ಹೊಂದಿಸಿಕೊಂಡಿದ್ದೇನೆ, ಆದರೆ ಕ್ರಮ ನೀವು ಮಾಡಬೇಕಾದದ್ದೇ.

1. ಅಗರ್ ಮತ್ತು ಪ್ಲೇಟು

ರೈಜೋಬಿಯಂಗೆ ಬೇಕಾದ ಆಹಾರಕ್ಕೆ ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ ಮ್ಯಾನಿಟಾಲ್ ಅಗರ್ ಎಂದು ಹೆಸರು. ತಯಾರು ಪುಡಿ ಸಿಗುತ್ತದೆ, ಡಬ್ಬಿಯ ಮೇಲೆ ಬರೆದಂತೆ ಕಲಸಿದರೆ ಸಾಕು. ಕೈಯಿಂದ ಮಾಡುವವರು ಒಂದು ಲೀಟರ್ ನೀರಿಗೆ ಮ್ಯಾನಿಟಾಲ್ 10 ಗ್ರಾಂ, ಡೈಪೊಟ್ಯಾಸಿಯಂ ಫಾಸ್ಫೇಟ್ ಅರ್ಧ ಗ್ರಾಂ, ಮೆಗ್ನೀಸಿಯಂ ಸಲ್ಫೇಟ್ 0.2 ಗ್ರಾಂ, ಉಪ್ಪು 0.1 ಗ್ರಾಂ, ಯೀಸ್ಟ್ ಎಕ್ಸ್‌ಟ್ರ್ಯಾಕ್ಟ್ 1 ಗ್ರಾಂ, ಅಗರ್ 15 ಗ್ರಾಂ ಹಾಕಿ. ಜೊತೆಗೆ ಶೇ. 1ರ ಕಾಂಗೋ ರೆಡ್ ದ್ರಾವಣ 2.5 ಮಿಲಿ. ಈ ಕೆಂಪು ಬಣ್ಣ ನಿಮ್ಮ ಕಾವಲುಗಾರ. ರೈಜೋಬಿಯಂ ಕಾಲೊನಿ ಅದನ್ನು ಅಷ್ಟಾಗಿ ಹೀರದೆ ಬೆಳ್ಳಗೆ, ಅಂಟಂಟಾಗಿ ನಿಲ್ಲುತ್ತದೆ. ಹೊರಗಿನಿಂದ ಬಂದು ಸೇರಿದ ಬಹಳಷ್ಟು ಜೀವಾಣುಗಳು ಬಣ್ಣ ಹೀರಿ ಕೆಂಪಾಗುತ್ತವೆ.

ಇದನ್ನು ಆಟೋಕ್ಲೇವಿನಲ್ಲಿ 121 ಡಿಗ್ರಿಯಲ್ಲಿ 15ರಿಂದ 20 ನಿಮಿಷ ಬೇಯಿಸಿ. ಹೊರತೆಗೆದ ಮೇಲೆ ಫ್ಲಾಸ್ಕನ್ನು ಕೆನ್ನೆಗೆ ತಾಗಿಸಿದರೆ ತಡೆದುಕೊಳ್ಳುವಷ್ಟು ಬಿಸಿ, ಅಂದರೆ 45-50 ಡಿಗ್ರಿಗೆ ಇಳಿದಾಗ ಪ್ರತಿ ಪ್ಲೇಟಿಗೆ ಸುಮಾರು 20 ಮಿಲಿ ಸುರಿಯಿರಿ. ಎರಡು ಬಾಟ್ಲಿಗೆ ಒಟ್ಟು 28 ಪ್ಲೇಟು ಬೇಕು, ಅಂದರೆ 600 ಮಿಲಿ ಅಗರ್ ಸಾಕು.

ನಮ್ಮ ಕಡೆ ಏಪ್ರಿಲ್-ಮೇನಲ್ಲಿ ಈ ಕೆಲಸಕ್ಕೆ ಬೆಳಗಿನ ಜಾವವೇ ಸರಿ. ಅಗರ್ ಗಟ್ಟಿಯಾಗುವುದು ಸುಮಾರು 35ರಿಂದ 40 ಡಿಗ್ರಿಯ ನಡುವೆ. ಮಧ್ಯಾಹ್ನ ಮೂರಕ್ಕೆ ಕೋಣೆಯೇ 40 ಮುಟ್ಟಿದ್ದರೆ ಪ್ಲೇಟು ಗಂಟೆಗಟ್ಟಲೆ ಅಂಬಲಿಯಂತೆ ತೂಗಾಡುತ್ತದೆ. ಹಾಗೆಂದು ಅಗರನ್ನು ಬೈಯಬೇಡಿ. ರಾಬರ್ಟ್ ಕಾಕ್ ಅವರ ಪ್ರಯೋಗಾಲಯದಲ್ಲಿ ಮೊದಲು ಜೆಲಾಟಿನ್ ಬಳಸುತ್ತಿದ್ದರು, ಅದು ಜರ್ಮನಿಯ ಬೇಸಿಗೆಗೇ ಕರಗಿ ನೀರಾಗುತ್ತಿತ್ತು. ಅಲ್ಲಿ ಕೆಲಸಕ್ಕಿದ್ದ ವಾಲ್ಟರ್ ಹೆಸ್ಸೆಯವರ ಪತ್ನಿ ಫ್ಯಾನಿ ಹೆಸ್ಸೆ, ಅಡುಗೆಮನೆಯಲ್ಲಿ ಜೆಲ್ಲಿ ಮಾಡಲು ತಾವು ಬಳಸುತ್ತಿದ್ದ ಅಗರನ್ನು 1881ರಲ್ಲಿ ಸೂಚಿಸಿದರು. ಜೆಲಾಟಿನ್ನೇ ಉಳಿದಿದ್ದರೆ ವಿಜಯಪುರದಲ್ಲಿ ವರ್ಷದ ಅರ್ಧ ಕಾಲ ಪ್ಲೇಟು ಹಾಕುವ ಮಾತೇ ಇರುತ್ತಿರಲಿಲ್ಲ.

ಸುರಿದ ಪ್ಲೇಟನ್ನು ಒಂದು ದಿನ ಬೋರಲಾಗಿ ಇಟ್ಟು ಮೇಲ್ಮೈ ಆರಿಸಿಕೊಳ್ಳಿ. ಹಸಿ ಪ್ಲೇಟಿನ ಮೇಲೆ ಕಾಲೊನಿಗಳು ಒಂದಕ್ಕೊಂದು ಹರಿದು ಕೂಡಿಕೊಳ್ಳುತ್ತವೆ, ಎಣಿಸಲು ಏನೂ ಉಳಿಯುವುದಿಲ್ಲ.

2. ಮೊದಲು ಗೆರೆ ಎಳೆದು ನೋಡಿ

ಗೆರೆ ಪ್ಲೇಟು, ಅಂದರೆ ಸ್ಟ್ರೀಕ್ ಪ್ಲೇಟು, ಎಣಿಸುವುದಕ್ಕಲ್ಲ. ಗೆರೆ ಎಳೆದ ಪ್ಲೇಟಿನ ಕಾಲೊನಿಗಳನ್ನು ಎಣಿಸಿ "ಬಾಟ್ಲಿಯಲ್ಲಿ 87 ಇವೆ" ಎಂದು ಬರೆದ ಪ್ರಾಜೆಕ್ಟ್ ವರದಿಗಳನ್ನು ನಾನು ಒಂದಲ್ಲ ಎರಡಲ್ಲ, ಬಹಳ ನೋಡಿದ್ದೇನೆ. ತಂತಿಯ ಕುಣಿಕೆಗೆ ಎಷ್ಟು ದ್ರವ ಅಂಟಿತ್ತು, ಅದರಲ್ಲಿ ಎಷ್ಟು ಮೊದಲನೆಯ ಗೆರೆಯಲ್ಲೇ ಉಳಿಯಿತು, ಎಷ್ಟು ಬೆಂಕಿಯಲ್ಲಿ ಸುಟ್ಟಿತು ಎಂಬುದು ಯಾರಿಗೂ ಗೊತ್ತಿಲ್ಲದಾಗ ಆ 87ಕ್ಕೆ ಅರ್ಥವಿಲ್ಲ. ಬಾಟ್ಲಿಯಲ್ಲಿರುವುದು ಒಂದೇ ಜಾತಿಯೋ, ಕಲಬೆರಕೆಯೋ ಎಂದು ತಿಳಿಯಲು ಗೆರೆ ಎಳೆಯುತ್ತೇವೆ. ಎಣಿಕೆಯ ದಿನ ಯಾವ ಕಾಲೊನಿಯನ್ನು ರೈಜೋಬಿಯಂ ಎಂದು ಗುರುತಿಸಬೇಕು ಎಂಬ ಮುಖಪರಿಚಯವೂ ಇಲ್ಲಿಯೇ ಆಗುತ್ತದೆ.

ಕ್ರಮ ಹೀಗೆ. ನಿಕ್ರೋಮ್ ತಂತಿಯ ಲೂಪನ್ನು ಸ್ಪಿರಿಟ್ ದೀಪದಲ್ಲಿ ಕೆಂಪಾಗುವವರೆಗೆ ಕಾಯಿಸಿ, ಹತ್ತಿಪ್ಪತ್ತು ಸೆಕೆಂಡು ಆರಲು ಬಿಡಿ. ಬಾಟ್ಲಿಯನ್ನು ಚೆನ್ನಾಗಿ ಕುಲುಕಿ ಒಂದು ಲೂಪು ತೆಗೆದು ಪ್ಲೇಟಿನ ಒಂದು ಅಂಚಿನಲ್ಲಿ ನಾಲ್ಕೈದು ಸಲ ಹಿಂದೆ ಮುಂದೆ ಎಳೆಯಿರಿ. ಲೂಪನ್ನು ಮತ್ತೆ ಸುಟ್ಟು ಆರಿಸಿ, ಪ್ಲೇಟನ್ನು ಕಾಲು ಸುತ್ತು ತಿರುಗಿಸಿ, ಮೊದಲನೆಯ ಗೆರೆಗಳ ತುದಿಯನ್ನು ಒಂದೆರಡು ಸಲ ಮಾತ್ರ ಮುಟ್ಟಿ ಎರಡನೆಯ ಗುಂಪು ಎಳೆಯಿರಿ. ಹೀಗೆಯೇ ಮೂರು, ನಾಲ್ಕು. ನಾಲ್ಕನೆಯ ಗುಂಪು ಮೊದಲನೆಯದಕ್ಕೆ ತಾಗಬಾರದು. ಪ್ರತಿ ತಿರುವಿನಲ್ಲಿ ಜೀವಾಣುಗಳ ಸಂಖ್ಯೆ ತೆಳುವಾಗುತ್ತ ಹೋಗಿ ಕೊನೆಗೆ ಒಂಟಿ ಒಂಟಿಯಾಗಿ ಬೀಳುತ್ತವೆ.

ಬಿಸಿ ಲೂಪನ್ನೇ ಅದ್ದುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. 'ಚುಂಯ್' ಎಂಬ ಸದ್ದು ಬಂತೆಂದರೆ ನೀವು ಎತ್ತಿಕೊಂಡದ್ದು ಬೆಂದ ಜೀವಾಣು. ತಂತಿಯನ್ನು ಒತ್ತಿ ಅಗರ್ ಉಳುವುದೂ ಬೇಡ, ಅದು ಕೂರಿಗೆ ಅಲ್ಲ.

ಮೊದಲ 24 ಗಂಟೆಯಲ್ಲೇ ದಪ್ಪ ಕಾಲೊನಿ ಬಂದರೆ ಅದು ರೈಜೋಬಿಯಂ ಅಲ್ಲ ಎಂದು ಬರೆದಿಟ್ಟುಕೊಳ್ಳಿ. ವೇಗವಾಗಿ ಬೆಳೆಯುವ ರೈಜೋಬಿಯಂಗೂ ಮೂರು ದಿನ ಹಿಡಿಯುತ್ತದೆ. ತೊಗರಿಗೆ ಗಂಟು ಕಟ್ಟುವ ಬಗೆಗಳಲ್ಲಿ ಬಹಳಷ್ಟು ನಿಧಾನದವು, ಐದರಿಂದ ಹತ್ತು ದಿನ ತೆಗೆದುಕೊಳ್ಳುತ್ತವೆ.

3. ತೆಳು ಮಾಡುವುದು

ಬಾಟ್ಲಿಯ ದ್ರವವನ್ನು ನೇರ ಪ್ಲೇಟಿಗೆ ಹಾಕಿದರೆ ಹಾಲಿನ ಕೆನೆಯಂತೆ ಒಂದೇ ಹಾಸು ಬೆಳೆಯುತ್ತದೆ. ಆದ್ದರಿಂದ ಹತ್ತು ಹತ್ತು ಪಟ್ಟು ತೆಳು ಮಾಡುತ್ತ ಹೋಗಬೇಕು. ಪ್ರತಿ ಬಾಟ್ಲಿಗೆ ಏಳು ಟ್ಯೂಬು, ಪ್ರತಿ ಟ್ಯೂಬಿನಲ್ಲಿ ಬೇಯಿಸಿ ಶುದ್ಧ ಮಾಡಿದ ಶೇ. 0.85ರ ಉಪ್ಪುನೀರು 9 ಮಿಲಿ. ಬಾಟ್ಲಿಯಿಂದ 1 ಮಿಲಿ ಮೊದಲನೆಯ ಟ್ಯೂಬಿಗೆ, ಕುಲುಕಿ ಅದರಿಂದ 1 ಮಿಲಿ ಎರಡನೆಯದಕ್ಕೆ, ಹೀಗೆ ಏಳರವರೆಗೆ. ಟ್ಯೂಬಿನ ನಂಬರು ಎಷ್ಟೋ ಅಷ್ಟು ಸೊನ್ನೆ ಎಂದು ನೆನಪಿಟ್ಟುಕೊಳ್ಳಿ. 4ನೇ ಟ್ಯೂಬು ಅಂದರೆ ಹತ್ತು ಸಾವಿರ ಪಟ್ಟು ತೆಳು, 6ನೇ ಟ್ಯೂಬು ಅಂದರೆ ಹತ್ತು ಲಕ್ಷ ಪಟ್ಟು.

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಯೇ, ಅದೂ ಮೂರು ಕಡೆ.

ಮೊದಲನೆಯದು ನೀರಿನ ಅಳತೆ. 9 ಮಿಲಿ ತುಂಬಿ ಆಟೋಕ್ಲೇವಿಗೆ ಇಟ್ಟರೆ ಹೊರಬರುವಾಗ ಅಷ್ಟೇ ಇರುತ್ತದೆಂಬ ಖಾತ್ರಿ ಇಲ್ಲ, ಆವಿಯಾಗಿ ಹೋಗಿರುತ್ತದೆ. ಪ್ರತಿ ಟ್ಯೂಬಿನಲ್ಲೂ 8.5 ಮಿಲಿ ಮಾತ್ರ ಉಳಿದಿದೆ ಎಂದುಕೊಳ್ಳಿ. ನೀವು ಹತ್ತು ಪಟ್ಟು ಎಂದು ತಿಳಿದದ್ದು ನಿಜವಾಗಿ ಒಂಬತ್ತೂವರೆ ಪಟ್ಟು. ಒಂದು ಟ್ಯೂಬಿಗೆ ಇದು ಏನೂ ಅಲ್ಲ ಅನ್ನಿಸುತ್ತದೆ. ಆರು ಟ್ಯೂಬು ದಾಟುವಷ್ಟರಲ್ಲಿ ತಪ್ಪು ಮೇಲಿಂದ ಮೇಲೆ ಗುಣಿಸಿಕೊಂಡು, ನಿಮ್ಮ ಉತ್ತರ ಇರಬೇಕಾದದ್ದಕ್ಕಿಂತ ಶೇ. 36ರಷ್ಟು ಹೆಚ್ಚಾಗಿ ಬರುತ್ತದೆ. ಉಪ್ಪುನೀರನ್ನು ದೊಡ್ಡ ಫ್ಲಾಸ್ಕಿನಲ್ಲಿ ಬೇಯಿಸಿ, ಆರಿದ ಮೇಲೆ ಶುದ್ಧ ಪಿಪೆಟ್ಟಿನಿಂದ ಶುದ್ಧ ಖಾಲಿ ಟ್ಯೂಬುಗಳಿಗೆ 9 ಮಿಲಿ ಅಳೆದು ಹಾಕುವುದು ನನ್ನ ರೂಢಿ.

ಎರಡನೆಯದು ಪಿಪೆಟ್. ಪ್ರತಿ ಟ್ಯೂಬಿಗೂ ಹೊಸದು ಬೇಕು. ಹಳೆಯದರ ಒಳಗೋಡೆಗೆ ಅಂಟಿದ ಒಂದು ಹನಿಯಲ್ಲಿ ಮುಂದಿನ ಟ್ಯೂಬಿನ ಲೆಕ್ಕ ಕೆಡಿಸುವಷ್ಟು ಜೀವಾಣು ಇರುತ್ತವೆ. ತುದಿ ಉಳಿಸಲು ಹೋಗಿ ಒಂದು ವಾರದ ಕೆಲಸ ಕಳೆದುಕೊಳ್ಳಬೇಡಿ.

ಮೂರನೆಯದು ಕುಲುಕುವುದು. ರೈಜೋಬಿಯಂ ತನ್ನ ಸುತ್ತ ಅಂಟು ಸುರಿಸಿಕೊಳ್ಳುವ ಜೀವಿ, ಅದರ ಕೋಶಗಳು ಗುಂಪುಗುಂಪಾಗಿ ಅಂಟಿಕೊಂಡಿರುತ್ತವೆ. ಇಪ್ಪತ್ತು ಕೋಶಗಳ ಒಂದು ಗಂಟು ಪ್ಲೇಟಿನ ಮೇಲೆ ಬಿದ್ದರೂ ಬೆಳೆಯುವುದು ಒಂದೇ ಕಾಲೊನಿ. ಅದಕ್ಕೇ ಉತ್ತರವನ್ನು 'ಇಷ್ಟು ಜೀವಾಣು' ಎಂದು ಬರೆಯದೆ 'ಇಷ್ಟು ಸಿಎಫ್‌ಯು', ಅಂದರೆ ಕಾಲೊನಿ ಕಟ್ಟುವ ಘಟಕಗಳು, ಎಂದು ಬರೆಯುತ್ತೇವೆ. ಪ್ರತಿ ಟ್ಯೂಬನ್ನೂ ಒಂದೇ ಹೊತ್ತು, ಒಂದೇ ರಭಸದಲ್ಲಿ ಕುಲುಕಿ. ಒಂದನ್ನು ಜೋರಾಗಿ, ಇನ್ನೊಂದನ್ನು ಮೆಲ್ಲಗೆ ಕುಲುಕಿದರೆ ಹೋಲಿಕೆಗೆ ಆಧಾರವೇ ಇರುವುದಿಲ್ಲ.

4. ಹರಡುವುದು

4, 5, 6 ಮತ್ತು 7ನೇ ಟ್ಯೂಬುಗಳಿಂದ ತಲಾ ಮೂರು ಪ್ಲೇಟಿಗೆ 0.1 ಮಿಲಿ ಹಾಕಿ. 'ಎಲ್' ಆಕಾರದ ಗಾಜಿನ ಕಡ್ಡಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ, ಜ್ವಾಲೆಗೆ ತೋರಿಸಿ, ಉರಿದು ಆರಿದ ಮೇಲೆ ದ್ರವವನ್ನು ಪ್ಲೇಟಿನ ತುಂಬ ನವಿರಾಗಿ ಹರಡಿ. ಸ್ಪಿರಿಟ್ಟಿನ ಬೀಕರನ್ನು ದೀಪದಿಂದ ಮಾರು ದೂರ ಇಡಿ. ಉರಿಯುವ ಕಡ್ಡಿಯನ್ನು ಮರೆತು ಮತ್ತೆ ಬೀಕರಿಗೆ ಅದ್ದಿ ಟೇಬಲ್ಲಿಗೇ ಬೆಂಕಿ ಹಚ್ಚಿದವರು ಪ್ರತಿ ಬ್ಯಾಚಿನಲ್ಲೂ ಒಬ್ಬರು ಇರುತ್ತಾರೆ. ಹಾಗೇನಾದರೂ ಆದರೆ ಊದಬೇಡಿ, ಬೀಕರಿನ ಮೇಲೆ ಗಾಜಿನ ಪ್ಲೇಟೊಂದನ್ನು ಮುಚ್ಚಿ.

ನಾಲ್ಕು ಹಂತದಿಂದಲೂ ಏಕೆ ಹಾಕಬೇಕು? ಒಳ್ಳೆಯ ಬಾಟ್ಲಿಗೆ 6ನೇ ಟ್ಯೂಬು ಸಾಕು ಎಂದು ಅನುಭವಿಗಳು ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ಬಾಟ್ಲಿ ಒಳ್ಳೆಯದೋ ಅಲ್ಲವೋ ಎಂಬುದೇ ನಮ್ಮ ಪ್ರಶ್ನೆ. 6 ಮತ್ತು 7ರಿಂದ ಮಾತ್ರ ಹಾಕಿದ್ದರೆ 'ಆ' ಬಾಟ್ಲಿಯ ಪ್ಲೇಟುಗಳು ಖಾಲಿ ಬಂದು, ವಾರ ಕಳೆದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತಿತ್ತು.

ಇನ್ನೆರಡು ಪ್ಲೇಟು ತೆಗೆದಿಡಿ. ಒಂದಕ್ಕೆ ಏನೂ ಹಾಕಬೇಡಿ, ಇನ್ನೊಂದಕ್ಕೆ ಬರೀ ಉಪ್ಪುನೀರು ಹರಡಿ. ಇವುಗಳಲ್ಲಿ ಏನಾದರೂ ಬೆಳೆದರೆ ನಿಮ್ಮ ಅಗರ್, ನೀರು ಅಥವಾ ಗಾಳಿ ಕೆಟ್ಟಿದೆ ಎಂದರ್ಥ. ಕೆಲಸ ಮುಗಿಯುವವರೆಗೆ ಫ್ಯಾನ್ ಬಂದ್ ಇರಲಿ. ಬೇಸಿಗೆಯ ಧೂಳಿನಲ್ಲಿ ಸೆಕೆ ತಡೆದುಕೊಂಡವರ ಪ್ಲೇಟು ಮಾತ್ರ ಸ್ವಚ್ಛ ಉಳಿಯುತ್ತದೆ.

5. ಬೆಳೆಸುವುದು

ರೈಜೋಬಿಯಂಗೆ 28ರಿಂದ 30 ಡಿಗ್ರಿ ಬೇಕು. ಕಾಲೇಜುಗಳಲ್ಲಿರುವ ಸಾಮಾನ್ಯ ಇನ್‌ಕ್ಯುಬೇಟರ್ ಕಾಯಿಸಬಲ್ಲದೇ ಹೊರತು ತಂಪು ಮಾಡಲಾರದು. ಗುಂಡಿ 28ಕ್ಕೆ ತಿರುಗಿಸಿದ್ದೀರಿ, ದೀಪವೂ ಉರಿಯುತ್ತಿದೆ, ಆದರೆ ಕೋಣೆ 39 ಇದ್ದರೆ ಒಳಗೂ 39ಕ್ಕೆ ಕಡಿಮೆ ಇರುವುದಿಲ್ಲ. ಕಾಲೊನಿ ಬರದಿದ್ದಾಗ ಬಾಟ್ಲಿಯ ಮೇಲೆ ತಪ್ಪು ಹೊರಿಸುವ ಮೊದಲು ಒಳಗೊಂದು ಥರ್ಮಾಮೀಟರ್ ಇಟ್ಟು ನೋಡಿ. ಬೇಸಿಗೆಯಲ್ಲಿ ತಂಪು ಮಾಡುವ ಯಂತ್ರವೂ ಇರುವ ಬಿಒಡಿ ಇನ್‌ಕ್ಯುಬೇಟರೇ ಬೇಕು.

ಪ್ಲೇಟು ಬೋರಲಾಗಿರಲಿ, ಕತ್ತಲಲ್ಲಿರಲಿ. ಬೆಳಕು ಬಿದ್ದರೆ ರೈಜೋಬಿಯಂ ಕೂಡ ಕಾಂಗೋ ರೆಡ್ ಹೀರಿ ಕೆಂಪಗಾಗಿ ನಿಮ್ಮನ್ನು ದಾರಿ ತಪ್ಪಿಸಬಹುದು. ವಾರದ ಮೇಲೆ ಇಡಬೇಕಾದ್ದರಿಂದ ಒಂದರ ಮೇಲೊಂದು ಇಟ್ಟ ಪ್ಲೇಟುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ಸುತ್ತಿ, ಇಲ್ಲದಿದ್ದರೆ ನಮ್ಮ ಒಣಹವೆಗೆ ಅಗರ್ ಹಪ್ಪಳವಾಗುತ್ತದೆ.

6. ಎಣಿಸುವುದು, ಲೆಕ್ಕ ಹಾಕುವುದು

ಮೂರನೆಯ ದಿನ ಒಮ್ಮೆ, ಐದನೆಯ ದಿನ ಒಮ್ಮೆ, ಏಳು ಅಥವಾ ಹತ್ತನೆಯ ದಿನ ಕೊನೆಗೊಮ್ಮೆ ನೋಡಿ. ಪ್ಲೇಟಿನ ತಳದ ಮೇಲೆ ಮಾರ್ಕರ್ ಪೆನ್ನಿನಿಂದ ಪ್ರತಿ ಕಾಲೊನಿಗೂ ಚುಕ್ಕೆ ಇಡಿ, ಹೊಸದಾಗಿ ಬಂದವಕ್ಕೆ ಬೇರೆ ಬಣ್ಣ. ಕೊನೆಯ ದಿನ ಒಂದೇ ಸಲ ಎಣಿಸುತ್ತೇನೆಂದು ಕೂತರೆ ಅಷ್ಟರಲ್ಲಿ ಅಂಟು ಕಾಲೊನಿಗಳು ಒಂದರೊಳಗೊಂದು ಕರಗಿ ಎರಡು ಒಂದಾಗಿರುತ್ತವೆ.

ನಮ್ಮ ಬಾಟ್ಲಿಗಳಲ್ಲಿ ಹೀಗೆ ಬಂತು ಎಂದುಕೊಳ್ಳಿ. 'ಅ' ಬಾಟ್ಲಿಯ 4 ಮತ್ತು 5ನೇ ಟ್ಯೂಬಿನ ಪ್ಲೇಟುಗಳು ಎಣಿಸಲಾಗದಷ್ಟು ದಟ್ಟ. 6ನೇ ಟ್ಯೂಬಿನಲ್ಲಿ 41, 36, 46. 7ರಲ್ಲಿ 3, 5, 4. 'ಆ' ಬಾಟ್ಲಿಯಲ್ಲಿ 4ನೇ ಟ್ಯೂಬಿನ ಪ್ಲೇಟುಗಳಲ್ಲಿ 62, 71, 59. 5ರಲ್ಲಿ 7, 5, 8. 6ರಲ್ಲಿ 0, 1, 0. 7ರಲ್ಲಿ ಏನೂ ಇಲ್ಲ. ಕೆಂಪು ಕಾಲೊನಿ ಎಲ್ಲಿಯೂ ಕಾಣಲಿಲ್ಲ.

ಲೆಕ್ಕಕ್ಕೆ 30ರಿಂದ 300 ಕಾಲೊನಿ ಇರುವ ಪ್ಲೇಟುಗಳನ್ನು ಮಾತ್ರ ತೆಗೆದುಕೊಳ್ಳುತ್ತೇವೆ. ಇದು ಬಾಯಿಪಾಠದ ನಿಯಮ ಅಷ್ಟೇ ಅಲ್ಲ. 300 ದಾಟಿದರೆ ಕಾಲೊನಿಗಳು ಒತ್ತೊತ್ತಾಗಿ ಆಹಾರಕ್ಕೆ ಜಗಳಾಡುತ್ತವೆ, ಕೆಲವು ಬೆಳೆಯುವುದೇ ಇಲ್ಲ. 30ಕ್ಕಿಂತ ಕಡಿಮೆಯಾದರೆ ಅದೃಷ್ಟದ ಪಾಲು ಹೆಚ್ಚಾಗುತ್ತದೆ. ಎಣಿಕೆಯಲ್ಲಿ ಸಹಜವಾಗಿ ಬರುವ ಏರಿಳಿತ ಆ ಸಂಖ್ಯೆಯ ವರ್ಗಮೂಲದಷ್ಟು. ನಾಲ್ಕು ಕಾಲೊನಿ ಇದ್ದರೆ ಎರಡು ಹೆಚ್ಚುಕಡಿಮೆ, ಅಂದರೆ ಅರ್ಧಕ್ಕರ್ಧ ಅನುಮಾನ. 'ಅ' ಬಾಟ್ಲಿಯ ಮೂರು ಪ್ಲೇಟು ಕೂಡಿದರೆ 123, ಅದರ ಏರಿಳಿತ ಸುಮಾರು 11, ಅಂದರೆ ಶೇ. 9. ಇದನ್ನು ನಂಬಬಹುದು.

ಸೂತ್ರ ಇಷ್ಟೇ:

```
ಸಿಎಫ್‌ಯು/ಮಿಲಿ = ಸರಾಸರಿ ಕಾಲೊನಿ × 10 × ಟ್ಯೂಬಿನ ಪಟ್ಟು

ಅ: 41 × 10 × 10,00,000 = 41,00,00,000
ಆ: 64 × 10 × 10,000    = 64,00,000
```

ನಡುವಿನ 10 ಬಂದದ್ದು ನಾವು 1 ಮಿಲಿ ಬದಲು 0.1 ಮಿಲಿ ಹಾಕಿದ್ದರಿಂದ. ಇದನ್ನು ಮರೆತು ಹತ್ತು ಪಟ್ಟು ಕಡಿಮೆ ಬರೆಯುವವರೇ ಜಾಸ್ತಿ. 'ಅ' ಬಾಟ್ಲಿಯಲ್ಲಿ ಮಿಲಿಗೆ 41 ಕೋಟಿ, 'ಆ' ಬಾಟ್ಲಿಯಲ್ಲಿ 64 ಲಕ್ಷ.

ಉತ್ತರ ಬರೆಯುವ ಮೊದಲು ಪಕ್ಕದ ಟ್ಯೂಬಿನ ಜೊತೆ ತಾಳೆ ನೋಡಿ. 6ರಲ್ಲಿ ಸರಾಸರಿ 41, 7ರಲ್ಲಿ 4. ಹತ್ತರಲ್ಲಿ ಒಂದು ಪಾಲು, ಸರಿಯಾಗಿದೆ. 7ರಲ್ಲಿ 15 ಬಂದಿದ್ದರೆ ಯಾರೋ ಪಿಪೆಟ್ ಬದಲಿಸಿಲ್ಲ ಎಂದೋ, ಸರಿಯಾಗಿ ಕುಲುಕಿಲ್ಲ ಎಂದೋ ನಾನು ಹೇಳುತ್ತಿದ್ದೆ.

7. ಸೂಕ್ಷ್ಮದರ್ಶಕದಲ್ಲಿ ನೇರ ಎಣಿಕೆ

ರಕ್ತಕಣ ಎಣಿಸುವ ನ್ಯೂಬಾವರ್ ಗಾಜು ಬಹುತೇಕ ಕಾಲೇಜುಗಳಲ್ಲಿ ಇರುತ್ತದೆ. ಜೀವಾಣುಗಳಿಗೆಂದೇ ಮಾಡಿದ ಪೆಟ್ರಾಫ್-ಹೌಸರ್ ಗಾಜು ಇದಕ್ಕಿಂತ ಉತ್ತಮ. ಅದರ ಆಳ 0.02 ಮಿಲಿಮೀಟರ್ ಮಾತ್ರ ಇರುವುದರಿಂದ ಜೀವಾಣುಗಳು ಒಂದೇ ಮಟ್ಟದಲ್ಲಿ ಕೂರುತ್ತವೆ. ನ್ಯೂಬಾವರ್ ಆಳ 0.1 ಮಿಲಿಮೀಟರ್, ಕೆಲವು ಮೇಲೆ ಕೆಲವು ಕೆಳಗೆ ತೇಲುತ್ತವೆ. ಆದರೂ ಇದ್ದುದರಲ್ಲೇ ಮಾಡೋಣ.

ಪ್ಲೇಟಿಗೆಂದು ಮಾಡಿದ 2ನೇ ಟ್ಯೂಬಿನಿಂದಲೇ, ಅಂದರೆ ನೂರು ಪಟ್ಟು ತೆಳುವಾದದ್ದರಿಂದ, 1 ಮಿಲಿ ಬೇರೆ ತೆಗೆದು 10 ಮೈಕ್ರೋಲೀಟರ್ ಫಾರ್ಮಲಿನ್ ಬೆರೆಸಿ. ರೈಜೋಬಿಯಂ ಈಜಾಡುವ ಜೀವಿ, ಓಡಾಡುವವನ್ನು ಎಣಿಸುವುದು ಸಂತೆಯಲ್ಲಿ ತಲೆ ಎಣಿಸಿದಂತೆ. ಫಾರ್ಮಲಿನ್ ಹೊಗೆ ಕಣ್ಣು ಮೂಗಿಗೆ ಕೆಟ್ಟದ್ದು, ಕಿಟಕಿ ತೆರೆದು ಕೈಗವಸು ಹಾಕಿಕೊಳ್ಳಿ. ಈ ಟ್ಯೂಬಿನಿಂದ ತಪ್ಪಿಯೂ ಪ್ಲೇಟಿಗೆ ಹಾಕಬೇಡಿ.

ಗಾಜಿನ ಮೇಲೆ ಮುಚ್ಚಳದ ಗಾಜು ಇಟ್ಟು, ಅಂಚಿಗೆ ಹನಿ ಮುಟ್ಟಿಸಿದರೆ ಅದು ತಾನೇ ಒಳಗೆ ಎಳೆದುಕೊಳ್ಳುತ್ತದೆ. ಹತ್ತು ನಿಮಿಷ ಬಿಟ್ಟು 40ರ ಮಸೂರದಲ್ಲಿ ನೋಡಿ. ಎಣ್ಣೆ ಹಾಕಿ ನೋಡುವ 100ರ ಮಸೂರ ಈ ದಪ್ಪ ಗಾಜಿನ ಮೇಲೆ ಫೋಕಸ್ ಆಗುವುದಿಲ್ಲ, ಒತ್ತಿದರೆ ಎರಡೂ ಹಾಳು. ಕೆಳಗಿನ ಬೆಳಕಿನ ಕಿಂಡಿಯನ್ನು ಸಾಕಷ್ಟು ಮುಚ್ಚಿದರೆ ಪಾರದರ್ಶಕ ಜೀವಾಣುಗಳು ಎದ್ದು ಕಾಣುತ್ತವೆ.

ನಡುವಿನ ದೊಡ್ಡ ಚೌಕದಲ್ಲಿ 25 ಮನೆ, ಪ್ರತಿ ಮನೆಯಲ್ಲಿ 16 ಪುಟ್ಟ ಚೌಕ. ನಾಲ್ಕು ಮೂಲೆಯ ಮನೆಗಳು ಮತ್ತು ನಟ್ಟನಡುವಿನದು, ಒಟ್ಟು 80 ಪುಟ್ಟ ಚೌಕ ಎಣಿಸಿ. ಫೋಕಸ್ ತಿರುಗಣೆಯನ್ನು ಮೇಲೆ ಕೆಳಗೆ ಆಡಿಸುತ್ತಲೇ ಎಣಿಸಿ. ಮೇಲಿನ ಮತ್ತು ಎಡಗಡೆಯ ಗೆರೆಗೆ ತಾಗಿದವನ್ನು ಸೇರಿಸಿ, ಕೆಳಗಿನ ಮತ್ತು ಬಲಗಡೆಯ ಗೆರೆಯವನ್ನು ಬಿಡಿ. ಇಲ್ಲದಿದ್ದರೆ ಗಡಿಯಲ್ಲಿದ್ದವು ಎರಡು ಮನೆಯಲ್ಲೂ ಲೆಕ್ಕವಾಗುತ್ತವೆ.

ಪ್ರತಿ ಪುಟ್ಟ ಚೌಕದ ಮೇಲಿನ ದ್ರವ ಒಂದು ಮಿಲಿಯ 40 ಲಕ್ಷದಲ್ಲಿ ಒಂದು ಪಾಲು. ಆದ್ದರಿಂದ:

```
ಅ: 184 ÷ 80 = 2.3;  2.3 × 40,00,000 × 100 = 92,00,00,000
ಆ: 176 ÷ 80 = 2.2;  2.2 × 40,00,000 × 100 = 88,00,00,000
```

92 ಕೋಟಿ ಮತ್ತು 88 ಕೋಟಿ. 184ರ ಸಹಜ ಏರಿಳಿತವೇ 14ರಷ್ಟು ಇರುವಾಗ 184ಕ್ಕೂ 176ಕ್ಕೂ ವ್ಯತ್ಯಾಸವೇ ಇಲ್ಲ. ಸೂಕ್ಷ್ಮದರ್ಶಕದ ಪ್ರಕಾರ ಎರಡು ಬಾಟ್ಲಿಯೂ ಒಂದೇ.

ಬರೀ ಉಪ್ಪುನೀರನ್ನೂ ಒಮ್ಮೆ ಇದೇ ಗಾಜಿನಲ್ಲಿ ನೋಡಿ. ಅದರಲ್ಲೂ 'ಜೀವಾಣು' ಕಂಡರೆ ನೀವು ಧೂಳು ಎಣಿಸುತ್ತಿದ್ದೀರಿ. ಪುಡಿ ರೂಪದ ಪ್ಯಾಕೆಟ್ಟಿಗಂತೂ ಈ ವಿಧಾನ ಬಳಸಲೇಬೇಡಿ, ಲಿಗ್ನೈಟಿನ ಕರಿಕಣಗಳ ನಡುವೆ ಏನೂ ತಿಳಿಯುವುದಿಲ್ಲ.

8. ಎರಡು ಅಂಕಿ ಪಕ್ಕದಲ್ಲಿಟ್ಟು ಓದುವುದು

'ಅ' ಬಾಟ್ಲಿಯಲ್ಲಿ ಕಂಡದ್ದು 92 ಕೋಟಿ, ಬೆಳೆದದ್ದು 41 ಕೋಟಿ. ಅರ್ಧಕ್ಕಿಂತ ಕಡಿಮೆ ಎಂದು ಗಾಬರಿ ಬೇಡ. ಕೆಲವು ಸತ್ತಿವೆ, ಕೆಲವು ಗಂಟುಗಟ್ಟಿ ಒಂದೇ ಕಾಲೊನಿಯಾಗಿವೆ, ಇನ್ನು ಕೆಲವು ಬದುಕಿದ್ದರೂ ಪ್ಲೇಟಿನ ಮೇಲೆ ಬೆಳೆಯುವ ಚೈತನ್ಯ ಉಳಿಸಿಕೊಂಡಿಲ್ಲ. ಶುದ್ಧ ತಳಿಯ ಬಾಟ್ಲಿಯಲ್ಲೇ ಇಷ್ಟು ಅಂತರ. ಹೊಲದ ಮಣ್ಣಿನಲ್ಲಿ ಕಾಣುವ ಜೀವಾಣುಗಳಲ್ಲಿ ಪ್ಲೇಟಿನ ಮೇಲೆ ಬೆಳೆಯುವವು ಸಾಮಾನ್ಯವಾಗಿ ನೂರಕ್ಕೆ ಒಂದರ ಆಸುಪಾಸು. 'ಆ' ಬಾಟ್ಲಿಯಲ್ಲಿ ಕಂಡದ್ದು 88 ಕೋಟಿ, ಬೆಳೆದದ್ದು 64 ಲಕ್ಷ. ನೂರಕ್ಕೆ ಒಂದೂ ಇಲ್ಲ. ಈ ಅಂತರವನ್ನು ಗಂಟುಗಳ ಲೆಕ್ಕದಲ್ಲಿ ಮುಚ್ಚಿಹಾಕಲು ಆಗದು, ತಗಡಿನ ಶೆಡ್ಡು ಅವನ್ನು ಕೊಂದಿದೆ.

ನಂಬಿಕೆ ಬರದಿದ್ದರೆ 'ಅ' ಬಾಟ್ಲಿಯಿಂದ 5 ಮಿಲಿ ತೆಗೆದು 80 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಇಟ್ಟು ಎರಡೂ ವಿಧಾನದಲ್ಲಿ ಎಣಿಸಿ. ಗಾಜಿನ ಚೌಕದಲ್ಲಿ ಕೋಶಗಳು ಕಾಣುತ್ತಲೇ ಇರುತ್ತವೆ, ಪ್ಲೇಟು ಖಾಲಿ ಇರುತ್ತದೆ. ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ.

ಹಾಗಾದರೆ ಸೂಕ್ಷ್ಮದರ್ಶಕ ದಂಡವೇ? ಅಲ್ಲ. ಅದು ಅರ್ಧ ಗಂಟೆಯಲ್ಲಿ ಉತ್ತರ ಕೊಡುತ್ತದೆ, ಪ್ಲೇಟಿಗೆ ವಾರ ಬೇಕು. ಜೀವಾಣು ಬೆಳೆಸುವ ತೊಟ್ಟಿಯಿಂದ ಅವತ್ತೇ ತೆಗೆದ ಮಾದರಿಯಲ್ಲಿ ಬಹುಪಾಲು ಬದುಕಿಯೇ ಇರುವುದರಿಂದ ಅಲ್ಲಿ ನೇರ ಎಣಿಕೆ ಸಾಕು. ಕಪಾಟಿನಲ್ಲಿ ತಿಂಗಳುಗಟ್ಟಲೆ ಇದ್ದ ಬಾಟ್ಲಿಗೆ ಸಾಲದು. ಜೀವಾಣು ಕಡಿಮೆ ಇರುವ ಕುಡಿಯುವ ನೀರಿಗೂ ಸಾಲದು. 80 ಚೌಕದಲ್ಲಿ ಒಂದೇ ಒಂದು ಕಾಣಬೇಕಾದರೂ ಮಿಲಿಗೆ 50 ಸಾವಿರ ಇರಬೇಕು. ಸತ್ತವು ಮತ್ತು ಬದುಕಿದವು ಬೇರೆ ಬೇರೆ ಬಣ್ಣದಲ್ಲಿ ಹೊಳೆಯುವಂತೆ ಮಾಡುವ ಬಣ್ಣಗಳೂ ಇವೆ, ಆದರೆ ಅದಕ್ಕೆ ಫ್ಲೋರೆಸೆನ್ಸ್ ಸೂಕ್ಷ್ಮದರ್ಶಕ ಬೇಕು.

ಎಣಿಸಿ ಮುಗಿದ ಪ್ಲೇಟನ್ನು ತೊಟ್ಟಿಗೆ ಎಸೆಯಬೇಡಿ. ರೈಜೋಬಿಯಂ ಮನುಷ್ಯರಿಗೆ ಕಾಯಿಲೆ ತರುವುದಿಲ್ಲ, ಆದರೆ ಅದರ ಪಕ್ಕದಲ್ಲಿ ಬೆಳೆದ ಕಾಲೊನಿ ಯಾವುದೋ ನಿಮಗೆ ಗೊತ್ತಿಲ್ಲ. ಗಾಜಿನ ಪ್ಲೇಟಾದರೆ ಆಟೋಕ್ಲೇವಿನಲ್ಲಿ ಬೇಯಿಸಿಯೇ ತೊಳೆಯಿರಿ. ಪ್ಲಾಸ್ಟಿಕ್ಕಿನದಾದರೆ ಆಟೋಕ್ಲೇವ್ ಚೀಲದಲ್ಲಿ ಕಟ್ಟಿ ಬೇಯಿಸಿ ಆಮೇಲೆ ಬಿಸಾಡಿ.

ಈ ಅಂಕಿ ತೋರಿಸಿದ ಮೇಲೆ ರೈತರು ಕೇಳುವ ಮುಂದಿನ ಪ್ರಶ್ನೆ ಇದು: "ಕಡಿಮಿ ಅದಾವಂದ್ರ ಎರಡು ಪಟ್ಟು ಹಚ್ಚಿದರ ನಡೀತದೇನ್ರೀ?" 41 ಕೋಟಿಯನ್ನು 64 ಲಕ್ಷದಿಂದ ಭಾಗಿಸಿ ನೋಡಿ. 'ಅ' ಬಾಟ್ಲಿ ಒಂದರ ಕೆಲಸಕ್ಕೆ 'ಆ' ಬಾಟ್ಲಿ 64 ಬೇಕು. ನಿಯಮ ಹೇಳುವ 10 ಕೋಟಿಗೆ ಹೋಲಿಸಿದರೂ ಅದು ಹದಿನಾರರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಷ್ಟೇ. ಅಷ್ಟು ದ್ರವ ಸುರಿದರೆ ಬೀಜ ಕೂರಿಗೆಯ ಬಟ್ಟಲಲ್ಲೇ ಅಂಟಿಕೊಂಡು ಕೂರುತ್ತದೆ. ಅಂಗಡಿಗೆ ವಾಪಸ್ ಕೊಟ್ಟು, ತಯಾರಾದ ತಾರೀಕು ನೋಡಿ, ನೆರಳಲ್ಲಿಟ್ಟಿದ್ದ ಬಾಟ್ಲಿ ಕೇಳಿ ತನ್ನಿ.